ತಲೆಕೆಳಗು ಮಾಡಿದರೂ ಸುಳ್ಳಾಗದ ಪ್ಯಾರಾ

ಪಿಎಚ್‌.ಡಿ. ಪ್ರಬಂಧದಲ್ಲೋ ಯಾವುದೋ ಇಲಾಖೆಯ ವಾರ್ಷಿಕ ವರದಿಯಲ್ಲೋ ಇಂಥದೊಂದು ಪ್ಯಾರಾ ಎದುರಾಗುವುದು ತೀರಾ ಸಾಮಾನ್ಯ: “ಹವಾಯಿಯ ಮೌನಾ ಲೋವಾ ವೀಕ್ಷಣಾಲಯದಲ್ಲಿ ಅಳೆದ ಇಂಗಾಲದ ಡೈಆಕ್ಸೈಡ್ ಪ್ರಮಾಣವನ್ನು ಚಿತ್ರ 1ರಲ್ಲಿ ತೋರಿಸಲಾಗಿದೆ. ಎಕ್ಸ್ ಅಕ್ಷದಲ್ಲಿ ವರ್ಷಗಳನ್ನೂ ವೈ ಅಕ್ಷದಲ್ಲಿ ಪ್ರಮಾಣವನ್ನೂ ಗುರುತಿಸಲಾಗಿದೆ. ಕಾಲದಿಂದ ಕಾಲಕ್ಕೆ ಈ ಪ್ರಮಾಣವು ಗಣನೀಯವಾಗಿ ಬದಲಾಗಿರುವುದನ್ನು ಚಿತ್ರದಲ್ಲಿ ಗಮನಿಸಬಹುದು.”

ಇದರಲ್ಲಿ ವ್ಯಾಕರಣದ ತಪ್ಪಿಲ್ಲ, ಮಾಹಿತಿಯ ತಪ್ಪೂ ಇಲ್ಲ. ಆದರೆ ಪಕ್ಕದಲ್ಲಿರುವ ಗ್ರಾಫಿನ ರೇಖೆಯನ್ನು ತಲೆಕೆಳಗು ಮಾಡಿ ನೋಡಿ. ಏರುವ ಗೆರೆ ಇಳಿಯತೊಡಗುತ್ತದೆ, ಭೂಮಿಯ ವಾತಾವರಣದ ಕಥೆಯೇ ಉಲ್ಟಾ ಆಗುತ್ತದೆ. ಪ್ಯಾರಾ ಮಾತ್ರ ಅಕ್ಷರವೂ ಬದಲಾಗದೆ ನಿಜವಾಗಿಯೇ ಉಳಿಯುತ್ತದೆ. ವರ್ಷಗಳು ಅಡ್ಡಕ್ಕಿವೆ, ಪ್ರಮಾಣ ಉದ್ದಕ್ಕಿದೆ, “ಗಣನೀಯ ಬದಲಾವಣೆ”ಯೂ ಇದೆ! ರೇಖೆ ಹೇಗಿದ್ದರೂ ಒಪ್ಪುವ ಪ್ಯಾರಾ ರೇಖೆಯ ಬಗ್ಗೆ ಏನನ್ನೂ ಹೇಳಿಲ್ಲ ಎಂದೇ ಲೆಕ್ಕ. ಕ್ರಿಕೆಟ್ ಪಂದ್ಯದ ವರದಿಯಲ್ಲಿ ಮೈದಾನದ ಅಳತೆಯನ್ನಷ್ಟೇ ಬರೆದು, ಗೆದ್ದವರು ಯಾರೆಂಬುದನ್ನು ಫೋಟೊ ನೋಡಿ ತಿಳಿದುಕೊಳ್ಳಿ ಎಂದ ಹಾಗೆ.

ಬುದ್ಧಿವಂತರೂ ಹೀಗೆ ಬರೆಯುವುದಕ್ಕೆ ಕಾರಣಗಳಿವೆ. ಒಂದು, ಶಾಲೆಯ ಅಭ್ಯಾಸ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಕ್ಷೆ ಎಳೆದವರಿಗೆ ಗ್ರಾಫ್ ಹಾಳೆಯ ಮೂಲೆಯಲ್ಲಿ “ಪ್ರಮಾಣ” ಬರೆಯುವುದು, ಅಕ್ಷಗಳಿಗೆ ಹೆಸರು ಕೊಡುವುದು ಇವತ್ತಿಗೂ ಮರೆತಿರುವುದಿಲ್ಲ. ಬರೆಯದಿದ್ದರೆ ಅಂಕ ಹೋಗುತ್ತದೆಂಬ ಭಯ ಅಷ್ಟು ಗಟ್ಟಿ. ಆ ಗೆರೆ ಏನು ಹೇಳುತ್ತಿದೆ ಎಂದು ಎರಡು ವಾಕ್ಯ ಬರೆಯಲು ಅಲ್ಲಿ ಯಾರೂ ಕೇಳಿರುವುದಿಲ್ಲ. ಇನ್ನೊಂದು, ಧೈರ್ಯದ ಕೊರತೆ. “ಏರಿದೆ” ಎಂದರೆ ಎಷ್ಟು, ಯಾವಾಗಿನಿಂದ, ಏಕೆ ಎಂದು ಪರೀಕ್ಷಕರು ಕೇಳಬಹುದು. “ಬದಲಾಗಿದೆ” ಎಂದರೆ ಯಾರೂ ಏನೂ ಕೇಳುವುದಿಲ್ಲ. ಮೂರನೆಯ ಕಾರಣ ಇವೆರಡಕ್ಕಿಂತ ಸೂಕ್ಷ್ಮ: ಗ್ರಾಫ್ ತಯಾರಿಸಿದವರು ಅದನ್ನು ಹತ್ತಾರು ಸಲ ನೋಡಿರುತ್ತಾರೆ. ಅವರ ಕಣ್ಣಿಗೆ ವಿನ್ಯಾಸ ಎದ್ದು ಕಾಣುತ್ತಿರುತ್ತದೆ. ಹಾಗಾಗಿ ಹೇಳದಿದ್ದರೂ ಹೇಳಿಯಾಗಿದೆ ಎಂದೇ ಅನಿಸುತ್ತದೆ.

ಮೌನಾ ಲೋವಾದ ಗ್ರಾಫನ್ನೇ ಎದುರಿಗಿಟ್ಟುಕೊಂಡು ಈ ಪ್ಯಾರಾವನ್ನು ಹೊಸದಾಗಿ ಬರೆಯುವುದು ಹೇಗೆಂದು ನೋಡಬಹುದು. ವಿಜ್ಞಾನದಲ್ಲಿ ಇದಕ್ಕಿಂತ ಪ್ರಸಿದ್ಧವಾದ ರೇಖೆ ಹೆಚ್ಚಿಲ್ಲ. ಇದರಲ್ಲಿ ಒಂದಲ್ಲ, ಒಂದರ ಮೇಲೊಂದು ಕೂತ ಹಲವು ವಿನ್ಯಾಸಗಳಿವೆ.

ಅಮೆರಿಕದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರ ಮಾರ್ಚ್‌ನಲ್ಲಿ ಹವಾಯಿಯ ಈ ಜ್ವಾಲಾಮುಖಿ ಬೆಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ ಗಾಳಿಯನ್ನು ಅಳೆಯುವ ಕೆಲಸ ಶುರುಮಾಡಿದರು. ಊರು, ಕಾರ್ಖಾನೆ, ಕಾಡುಗಳಿಂದ ದೂರವಿರುವ ಶುದ್ಧ ಗಾಳಿ ಸಿಗಲಿ ಎಂಬುದು ಆ ಜಾಗ ಆರಿಸಿಕೊಂಡದ್ದರ ಉದ್ದೇಶ. ಮೊದಲ ಅಳತೆ 313 ಪಿಪಿಎಂ. ಅಂದರೆ ಒಣಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ 313 ಇಂಗಾಲದ ಡೈಆಕ್ಸೈಡಿನವು. ಮುಂದಿನ ತಿಂಗಳುಗಳಲ್ಲಿ ಅಂಕಿ ಮೇ ತನಕ ಏರಿತು, ಆಮೇಲೆ ಅಕ್ಟೋಬರ್‌ವರೆಗೆ ಇಳಿಯಿತು. ಇದೇನು ಯಂತ್ರದ ದೋಷವೇ ಎಂಬ ಅನುಮಾನಕ್ಕೆ 1959 ಉತ್ತರ ಕೊಟ್ಟಿತು: ಅದೇ ಏರಿಳಿತ ಅದೇ ತಿಂಗಳುಗಳಲ್ಲಿ ಮತ್ತೆ ಕಂಡಿತು. ಕೀಲಿಂಗ್ 2005ರಲ್ಲಿ ತೀರಿಕೊಂಡರು. ಅವರ ಮಗ ರಾಲ್ಫ್ ಕೀಲಿಂಗ್ ಸ್ಕ್ರಿಪ್ಸ್‌ನಲ್ಲಿ ಈ ಕೆಲಸವನ್ನು ಮುಂದುವರಿಸಿದ್ದಾರೆ.

ಈಗ ಪ್ಯಾರಾದ ಮೊದಲ ವಾಕ್ಯ. ಅಲ್ಲಿ ಏನಿರಬೇಕು?

ಕಣ್ಣನ್ನು ಅರ್ಧ ಮುಚ್ಚಿ ಗ್ರಾಫನ್ನು ದೂರದಿಂದ ನೋಡಿದಾಗ ಉಳಿಯುವ ಸಂಗತಿಯೇ ಮೊದಲ ವಾಕ್ಯ. ಮೌನಾ ಲೋವಾದ ರೇಖೆಯಲ್ಲಿ ಹಾಗೆ ಉಳಿಯುವುದು ಏರಿಕೆ. ಹಾಗಾದರೆ ವಾಕ್ಯದ ಕರ್ತೃ “ಚಿತ್ರ” ಆಗಬಾರದು, ಇಂಗಾಲದ ಡೈಆಕ್ಸೈಡ್ ಆಗಬೇಕು. ಕ್ರಿಯಾಪದ “ತೋರಿಸುತ್ತದೆ” ಆಗಬಾರದು, “ಹೆಚ್ಚಿದೆ” ಆಗಬೇಕು. ಚಿತ್ರದ ಸಂಖ್ಯೆ ಆವರಣದೊಳಗೆ ಕೂತರೆ ಸಾಕು. “ಚಿತ್ರ 1ರಲ್ಲಿ ತೋರಿಸಿರುವಂತೆ” ಎಂಬ ಪೀಠಿಕೆ ಹೋದ ಕೂಡಲೇ ವಾಕ್ಯ ಏನಾದರೊಂದು ಹೇಳಲೇಬೇಕಾದ ಒತ್ತಾಯಕ್ಕೆ ಸಿಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ವಿಶೇಷ ಎಚ್ಚರ ಬೇಕು. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. “1958ರಿಂದ ಇಲ್ಲಿಯವರೆಗೆ ಹವಾಯಿಯ ಮೌನಾ ಲೋವಾ ವೀಕ್ಷಣಾಲಯದಲ್ಲಿ ಸ್ಕ್ರಿಪ್ಸ್ ಸಂಸ್ಥೆಯ ವಿಜ್ಞಾನಿಗಳು ನಿರಂತರವಾಗಿ ನಡೆಸಿಕೊಂಡು ಬಂದ ಅಳತೆಗಳ ಮಾಸಿಕ ಸರಾಸರಿಯನ್ನು ಆಧರಿಸಿ ಹೇಳುವುದಾದರೆ” ಎಂದು ಶುರುಮಾಡಿದರೆ, ಏರಿತೋ ಇಳಿಯಿತೋ ಎಂದು ತಿಳಿಯುವ ಹೊತ್ತಿಗೆ ಓದುಗರ ಉಸಿರು ಕಟ್ಟಿರುತ್ತದೆ. ಮೊದಲ ವಾಕ್ಯವನ್ನು ಗಿಡ್ಡದಾಗಿಟ್ಟರೆ ಕ್ರಿಯಾಪದ ಬೇಗ ಸಿಗುತ್ತದೆ. ಅಳೆದವರು ಯಾರು, ಏಕಮಾನ ಯಾವುದು, ಮಾಸಿಕ ಸರಾಸರಿಯೋ ವಾರ್ಷಿಕವೋ ಎಂಬುದಕ್ಕೆಲ್ಲ ಚಿತ್ರದ ಅಡಿಬರಹ ಇದ್ದೇ ಇದೆ. ಅಕ್ಷಗಳ ವಿವರಣೆ ಬೇಡವೆಂದಲ್ಲ, ಅದರ ಮನೆ ಅಲ್ಲಿ.

“ಹೆಚ್ಚಿದೆ” ಎಂದ ಮೇಲೆ ಎಷ್ಟು ಎಂಬುದು ಬರಬೇಕು. “ಗಣನೀಯವಾಗಿ”, “ತೀವ್ರವಾಗಿ” ಎಂಬ ವಿಶೇಷಣಗಳು ಅಂಕಿಯ ಜಾಗವನ್ನು ಆಕ್ರಮಿಸಿ ಕೂತಿರುತ್ತವೆ. ಅವನ್ನು ಎಬ್ಬಿಸಿ ಅಂಕಿಯನ್ನು ಕೂರಿಸಬೇಕು. 1959ರ ವಾರ್ಷಿಕ ಸರಾಸರಿ ಸುಮಾರು 316 ಪಿಪಿಎಂ, 2024ರದ್ದು ಸುಮಾರು 425. ಆರಂಭವನ್ನು 1958ರ ಬದಲು 1959 ಎಂದು ತೆಗೆದುಕೊಳ್ಳುವುದಕ್ಕೂ ಕಾರಣವಿದೆ: 1958ರಲ್ಲಿ ಅಳತೆ ಆರಂಭವಾದದ್ದು ಮಾರ್ಚ್‌ನಲ್ಲಿ. ವರ್ಷದ ಕೆಲವು ತಿಂಗಳು ಇಲ್ಲದ ಸರಾಸರಿಯನ್ನು ಪೂರ್ಣ ವರ್ಷದ ಸರಾಸರಿಯ ಪಕ್ಕ ಇಟ್ಟರೆ ಹೋಲಿಕೆ ಸರಿಯಾಗುವುದಿಲ್ಲ. ಗ್ರಾಫಿನ ಎರಡು ತುದಿಗಳನ್ನು ಆರಿಸಿಕೊಳ್ಳುವುದು ಸಣ್ಣ ಕೆಲಸದಂತೆ ಕಂಡರೂ, ಬೇಕಾದ ಕಥೆಯನ್ನು ಹೆಣೆಯುವವರು ಕೈಯಾಡಿಸುವುದು ಬಹುಮಟ್ಟಿಗೆ ಇಲ್ಲಿಯೇ.

ಅಂಕಿ ಕೊಡುವುದಕ್ಕೆ ಇನ್ನೊಂದು ಕಾರಣ ಚಿತ್ರದೊಳಗೇ ಅಡಗಿದೆ. ಕೀಲಿಂಗ್ ರೇಖೆಯ ವೈ ಅಕ್ಷ ಸಾಮಾನ್ಯವಾಗಿ ಸೊನ್ನೆಯಿಂದಲ್ಲ, 310ರ ಆಸುಪಾಸಿನಿಂದ ಶುರುವಾಗುತ್ತದೆ. ಹಾಗಾಗಿ ರೇಖೆ ಚಿತ್ರದ ತಳದಿಂದ ನೆತ್ತಿಯವರೆಗೆ ಹತ್ತುತ್ತದೆ. ಅವಸರದಲ್ಲಿ ನೋಡಿದವರಿಗೆ ಪ್ರಮಾಣ ಹತ್ತಾರು ಪಟ್ಟು ಹೆಚ್ಚಿದಂತೆ ಭಾಸವಾಗಬಹುದು. ನಿಜಕ್ಕೂ ಆಗಿರುವುದು 316ರ ಮೇಲೆ ಸುಮಾರು 109ರ ಹೆಚ್ಚಳ, ಅಂದರೆ ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ. ಅಕ್ಷವನ್ನು ಹಾಗೆ ಕತ್ತರಿಸಿದ್ದು ಮೋಸವಲ್ಲ; ಸೊನ್ನೆಯಿಂದ ಎಳೆದರೆ ವಾರ್ಷಿಕ ಏರಿಳಿತ ಕಣ್ಣಿಗೆ ಕಾಣದಷ್ಟು ಚಪ್ಪಟೆಯಾಗುತ್ತದೆ. ಆದರೆ ಚಿತ್ರ ಕಣ್ಣಿಗೆ ದೊಡ್ಡದು ಮಾಡಿ ತೋರಿಸಿದ್ದನ್ನು ಪಠ್ಯ ಅದರ ನಿಜವಾದ ಅಳತೆಗೆ ತರಬೇಕು. ಅಕ್ಷದ ಬಗ್ಗೆ ಪ್ಯಾರಾದಲ್ಲಿ ಮಾತಾಡಬೇಕಾದ ಸಂದರ್ಭವೆಂದರೆ ಬಹುಶಃ ಇದೊಂದೇ: ಅಕ್ಷವೇ ಓದುಗರ ದಾರಿ ತಪ್ಪಿಸುವಂತಿದ್ದಾಗ.

ಮುಂದಿನ ಹೆಜ್ಜೆ ಚಿತ್ರಕ್ಕೆ ಸ್ವಲ್ಪ ಹತ್ತಿರ ಬರುವುದು. ರೇಖೆ ಬರೀ ಏರುತ್ತಿಲ್ಲ, ಮೇಲಕ್ಕೆ ಹೋದಂತೆ ಕಡಿದಾಗುತ್ತಿದೆ. 1960ರ ದಶಕದಲ್ಲಿ ವರ್ಷಕ್ಕೆ ಒಂದು ಪಿಪಿಎಂಗಿಂತ ಕಡಿಮೆ ಏರುತ್ತಿದ್ದದ್ದು 2010ರ ದಶಕದಲ್ಲಿ ವರ್ಷಕ್ಕೆ 2.4ರಷ್ಟಾಯಿತು. ಇದನ್ನು ಕಂಡ ಉತ್ಸಾಹದಲ್ಲಿ ಕೈ ತಾನಾಗಿ ಬರೆದುಬಿಡುವ ವಾಕ್ಯವೊಂದಿದೆ: “ದಶಕದಿಂದ ದಶಕಕ್ಕೆ ಏರಿಕೆಯ ವೇಗ ಹೆಚ್ಚುತ್ತಲೇ ಬಂದಿದೆ.” ಅದು ತಪ್ಪು. ವಾರ್ಷಿಕ ಸರಾಸರಿ 1980ರಲ್ಲಿ ಸುಮಾರು 339, 1990ರಲ್ಲಿ 354, 2000ದಲ್ಲಿ ಸುಮಾರು 370. ಎರಡೂ ದಶಕಗಳಲ್ಲಿ ಏರಿದ್ದು ಹೆಚ್ಚುಕಡಿಮೆ ಒಂದೇ, ಹದಿನೈದು ಚಿಲ್ಲರೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸ್ಫೋಟಿಸಿದ ಬೆನ್ನಿಗೆ ಒಂದೆರಡು ವರ್ಷ ಏರಿಕೆ ಎದ್ದು ಕಾಣುವಷ್ಟು ನಿಧಾನವಾಗಿತ್ತು. ಒಟ್ಟಾರೆ ದಿಕ್ಕು ನಿಜ. “ಹೆಚ್ಚುತ್ತಲೇ” ಎಂಬ ಒಂದು ಪದ ಸುಳ್ಳು.

ಇಂಥ ಅಪವಾದವನ್ನು ಏನು ಮಾಡಬೇಕು? ಬಚ್ಚಿಟ್ಟರೆ ಗ್ರಾಫನ್ನು ಗಮನವಿಟ್ಟು ನೋಡುವ ಓದುಗರು ಅದನ್ನು ಪತ್ತೆಹಚ್ಚುತ್ತಾರೆ, ಆಮೇಲೆ ಉಳಿದ ಪ್ಯಾರಾವನ್ನೂ ನಂಬುವುದಿಲ್ಲ. ಅಪವಾದದ ಬಗ್ಗೆಯೇ ಅರ್ಧ ಪುಟ ಬರೆದರೆ ವಿನ್ಯಾಸ ಕಣ್ಮರೆಯಾಗುತ್ತದೆ. ಅರ್ಧ ವಾಕ್ಯ ಸಾಕು, ಆದರೆ ಅದು ವಿನ್ಯಾಸ ಹೇಳಿದ ವಾಕ್ಯದ ಪಕ್ಕದಲ್ಲೇ ಇರಬೇಕು. ಮೂರು ಪುಟ ಆಚೆಗಿನ ಟಿಪ್ಪಣಿಯಲ್ಲಿ ಅಲ್ಲ.

ಇನ್ನೂ ಹತ್ತಿರ ಬಂದರೆ ಗರಗಸದ ಹಲ್ಲುಗಳು ಕಾಣುತ್ತವೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಶಿಖರ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಹೊತ್ತಿಗೆ ತಳ, ನಡುವಿನ ಅಂತರ ಆರೇಳು ಪಿಪಿಎಂ. ಹಲ್ಲಿನ ಎರಡು ಬದಿಗಳೂ ಒಂದೇ ಥರ ಇಲ್ಲ: ಏರಲು ಏಳೆಂಟು ತಿಂಗಳು, ಇಳಿಯಲು ನಾಲ್ಕೈದೇ ತಿಂಗಳು. ಈ ಅಲೆಯನ್ನು ವರ್ಣಿಸಿ ಬಿಟ್ಟರೆ ಅದೊಂದು ಚಂದದ ವಿವರ ಅಷ್ಟೆ. ಮೊದಲು ಹೇಳಿದ ಏರಿಕೆಗೆ ಅದನ್ನು ಜೋಡಿಸಿದಾಗ ಓದುಗರಿಗೆ ಹೊಸದೇನೋ ಸಿಗುತ್ತದೆ. ಒಂದು ವರ್ಷದ ನಿವ್ವಳ ಏರಿಕೆ ಎರಡೂವರೆ ಪಿಪಿಎಂ. ಅದೇ ವರ್ಷದೊಳಗಿನ ಏರಿಳಿತ ಅದರ ಎರಡು ಪಟ್ಟಿಗಿಂತ ಹೆಚ್ಚು. ಅಂದರೆ ಮೇ ತಿಂಗಳ ಅಂಕಿಯನ್ನು ಅಕ್ಟೋಬರ್ ಅಂಕಿಯೊಂದಿಗೆ ಹೋಲಿಸಿ “ಇಂಗಾಲದ ಡೈಆಕ್ಸೈಡ್ ಇಳಿಯಿತು” ಎಂದು ಯಾರು ಬೇಕಾದರೂ ಪ್ರತಿ ವರ್ಷ ಸುದ್ದಿ ಮಾಡಬಹುದು. ಆ ಸುದ್ದಿ ಅಂಕಿಯ ಮಟ್ಟಿಗೆ ನಿಜ, ಅರ್ಥದ ಮಟ್ಟಿಗೆ ಸುಳ್ಳು.

ಇಷ್ಟನ್ನು ಸೇರಿಸಿದರೆ ಪ್ಯಾರಾ ಹೀಗಾಗುತ್ತದೆ:

“ಮೌನಾ ಲೋವಾದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 65 ವರ್ಷಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಏರಿದೆ (ಚಿತ್ರ 1). 1959ರಲ್ಲಿ 316 ಪಿಪಿಎಂ ಇದ್ದ ವಾರ್ಷಿಕ ಸರಾಸರಿ 2024ರಲ್ಲಿ ಸುಮಾರು 425 ಮುಟ್ಟಿದೆ. ಏರಿಕೆಯ ವೇಗವೂ ಹೆಚ್ಚಿದೆ: 1960ರ ದಶಕದಲ್ಲಿ ವರ್ಷಕ್ಕೆ 1 ಪಿಪಿಎಂಗಿಂತ ಕಡಿಮೆ ಇದ್ದದ್ದು 2010ರ ದಶಕದಲ್ಲಿ 2.4 ಆಗಿದೆ, 1990ರ ದಶಕ ಮಾತ್ರ ಹಿಂದಿನದಕ್ಕಿಂತ ವೇಗವಾಗಿರಲಿಲ್ಲ. ಈ ಏರಿಕೆಯ ಮೇಲೆ ಪ್ರತಿ ವರ್ಷ ಒಂದು ಅಲೆ ಮೂಡುತ್ತದೆ. ಮೇ ತಿಂಗಳ ಶಿಖರಕ್ಕೂ ಸೆಪ್ಟೆಂಬರ್–ಅಕ್ಟೋಬರ್‌ನ ತಳಕ್ಕೂ ಆರೇಳು ಪಿಪಿಎಂ ಅಂತರ. ಇದು ಒಂದು ವರ್ಷದ ನಿವ್ವಳ ಏರಿಕೆಗಿಂತ ದೊಡ್ಡದಾದ್ದರಿಂದ, ಒಂದು ಮೇ ತಿಂಗಳನ್ನು ಇನ್ನೊಂದು ಮೇ ತಿಂಗಳಿಗೆ ಹೋಲಿಸಿದಾಗಷ್ಟೇ ಏರಿಕೆ ನಿಚ್ಚಳವಾಗಿ ಕಾಣುತ್ತದೆ.”

“ಅಕ್ಷ” ಎಂಬ ಪದ ಇದರಲ್ಲಿ ಒಂದು ಸಲವೂ ಬಂದಿಲ್ಲ. ಈ ಪ್ಯಾರಾ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಚಿತ್ರವನ್ನು ಮುಚ್ಚಿಟ್ಟು ಪ್ಯಾರಾವನ್ನು ಮಾತ್ರ ಒಬ್ಬರಿಗೆ ಓದಲು ಕೊಟ್ಟು, ರೇಖೆ ಹೇಗಿರಬಹುದು ಎಂದು ಕಾಗದದ ಮೇಲೆ ಗೀಚಲು ಹೇಳಬೇಕು. ಹಳೆಯ ಪ್ಯಾರಾ ಓದಿದವರು ಎರಡು ಗೆರೆ ಎಳೆದು ಪೆನ್ನು ಹಿಡಿದು ಕೂರುತ್ತಾರೆ. ನಡುವೆ ಏನು ಎಳೆಯಬೇಕೆಂದು ಅದರಲ್ಲಿ ಇಲ್ಲ. ಹೊಸದನ್ನು ಓದಿದವರು ಮೇಲಕ್ಕೆ ಬಾಗುತ್ತ ಹೋಗುವ, ಹಲ್ಲುಹಲ್ಲಾದ ರೇಖೆಯನ್ನು ಎಳೆಯಬಲ್ಲರು. ಅವರು ಎಳೆದದ್ದು ನಿಜವಾದ ಚಿತ್ರಕ್ಕಿಂತ ಬೇರೆಯಾಗಿದ್ದರೆ, ಎಲ್ಲಿ ಬೇರೆಯಾಗಿದೆಯೋ ಅಲ್ಲೇ ಪ್ಯಾರಾದಲ್ಲೊಂದು ವಾಕ್ಯ ಕೈಕೊಟ್ಟಿದೆ.

ಇದೇ ಗ್ರಾಫಿನಲ್ಲಿ 1964ರ ವಸಂತದ ಕೆಲವು ತಿಂಗಳುಗಳ ಅಳತೆ ಇಲ್ಲ. ಆಗ ಹಣಕಾಸು ಕಡಿತವಾಗಿ ಕೆಲಸ ನಿಂತಿತ್ತು. 2022ರ ನವೆಂಬರ್ ಕೊನೆಯಲ್ಲಿ ಮೌನಾ ಲೋವಾ ಜ್ವಾಲಾಮುಖಿಯೇ ಸ್ಫೋಟಿಸಿ, ವೀಕ್ಷಣಾಲಯದ ರಸ್ತೆಯೂ ವಿದ್ಯುತ್ತೂ ಕಡಿದುಹೋದವು. ಕೆಲಕಾಲ ಪಕ್ಕದ ಮೌನಾ ಕೇಯಾ ಬೆಟ್ಟದ ಮೇಲೆ ಅಳತೆ ನಡೆಯಿತು. ಇವೆರಡೂ ಸ್ವಾರಸ್ಯದ ಸಂಗತಿಗಳೇ. ಆದರೂ ಮೇಲಿನ ಪ್ಯಾರಾದಲ್ಲಿ ಅವಕ್ಕೆ ಜಾಗ ಸಿಕ್ಕಿಲ್ಲ, ಏಕೆಂದರೆ ಅವುಗಳಿಂದ ವಿನ್ಯಾಸವೇನೂ ಬದಲಾಗುವುದಿಲ್ಲ. 1990ರ ದಶಕದ ನಿಧಾನಗತಿ ಒಳಗೆ ಬಂತು, ಈ ಖಾಲಿಜಾಗಗಳು ಅಡಿಬರಹಕ್ಕೆ ಹೋದವು. ತಿಳಿದದ್ದನ್ನೆಲ್ಲ ಬರೆಯುವ ಆಸೆಯನ್ನು ಹತ್ತಿಕ್ಕುವುದು ಬರಹಗಾರರಿಗೆ ಅಕ್ಷಗಳ ವರ್ಣನೆ ಬಿಡುವುದಕ್ಕಿಂತಲೂ ಕಷ್ಟ.

ಈಗ “ಏಕೆ” ಎಂಬ ಪ್ರಶ್ನೆ. ಇಲ್ಲಿ ಅನೇಕ ಪ್ಯಾರಾಗಳು ಜಾರುತ್ತವೆ. “ಪಳೆಯುಳಿಕೆ ಇಂಧನಗಳ ಬಳಕೆಯಿಂದ ಇಂಗಾಲದ ಡೈಆಕ್ಸೈಡ್ ಏರಿರುವುದು ಚಿತ್ರ 1ರಿಂದ ಸ್ಪಷ್ಟ” ಎಂದು ಬರೆದರೆ ಅದು ಚಿತ್ರದ ಮೇಲೆ ಹೊರಿಸಿದ ಹೊರೆ. ಕಲ್ಲಿದ್ದಲು, ಪೆಟ್ರೋಲು ಯಾವುದೂ ಚಿತ್ರ 1ರಲ್ಲಿ ಇಲ್ಲ. ಅಲ್ಲಿರುವುದು ಕಾಲ ಮತ್ತು ಪ್ರಮಾಣ ಮಾತ್ರ. ಕಾರಣ ನಿಜವೇ, ಅದಕ್ಕೆ ಸಾಕ್ಷ್ಯವೂ ಇದೆ. ಆದರೆ ಆ ಸಾಕ್ಷ್ಯ ಬೇರೆ ಕಡೆಯಿಂದ ಬಂದದ್ದು. ಕೋಟ್ಯಂತರ ವರ್ಷ ನೆಲದಡಿ ಇದ್ದ ಇಂಧನದಲ್ಲಿ ವಿಕಿರಣಶೀಲ ಕಾರ್ಬನ್-14 ಉಳಿದಿರುವುದಿಲ್ಲ. ಅದನ್ನು ಸುಟ್ಟಷ್ಟೂ ಗಾಳಿಯ ಇಂಗಾಲದಲ್ಲಿ ಕಾರ್ಬನ್-14ರ ಪಾಲು ತೆಳುವಾಗುತ್ತದೆ. ಸುಡುವುದಕ್ಕೆ ಆಮ್ಲಜನಕ ಬೇಕು, ಹಾಗಾಗಿ ಗಾಳಿಯ ಆಮ್ಲಜನಕ ಅತ್ಯಲ್ಪವಾಗಿ ಆದರೂ ಇಳಿಯುತ್ತಿರಬೇಕು. ರಾಲ್ಫ್ ಕೀಲಿಂಗ್ ಅಳೆದು ತೋರಿಸಿದ್ದು ಅದನ್ನೇ. ಕಾರಣ ಹೇಳುವ ವಾಕ್ಯ ಈ ಸಾಕ್ಷ್ಯಗಳ ಕೈಹಿಡಿದು ಬರಬೇಕು, ಮುಂದಿನ ಪ್ಯಾರಾದಲ್ಲಿ. ಓದುಗರಿಗೆ ಯಾವುದು ಕಂಡದ್ದು, ಯಾವುದು ತರ್ಕಿಸಿದ್ದು ಎಂಬುದು ಬೇರೆಬೇರೆಯಾಗಿ ತಿಳಿಯಬೇಕು.

ವಾರ್ಷಿಕ ಅಲೆಗೂ ಇದೇ ಮಾತು. ಉತ್ತರಾರ್ಧ ಗೋಳದ ಬೇಸಿಗೆಯಲ್ಲಿ ಗಿಡಮರಗಳು ಬೆಳೆಯುತ್ತ ಇಂಗಾಲವನ್ನು ಹೀರಿಕೊಳ್ಳುತ್ತವೆ, ಚಳಿಗಾಲದಲ್ಲಿ ಎಲೆ, ಕಸಕಡ್ಡಿ ಕೊಳೆತು ಅದು ಗಾಳಿಗೆ ಮರಳುತ್ತದೆ. ಈ ವಿವರಣೆಗೆ ಬಲ ಕೊಡುವುದು ದಕ್ಷಿಣ ಧ್ರುವದ ಗ್ರಾಫ್. ಅಲ್ಲಿಯೂ ದೀರ್ಘಕಾಲದ ಏರಿಕೆ ಇಷ್ಟೇ ಇದೆ, ಆದರೆ ಅಲೆ ಸಣ್ಣದು, ಅದರ ಏರು ತಗ್ಗಿನ ತಿಂಗಳುಗಳೂ ಉತ್ತರದ್ದಕ್ಕೆ ವಿರುದ್ಧ. ಜಗತ್ತಿನ ನೆಲ, ಕಾಡು ಹೆಚ್ಚಾಗಿ ಉತ್ತರದಲ್ಲಿದೆ ಎಂಬುದಕ್ಕೆ ಇದು ಹೊಂದುತ್ತದೆ. ಎರಡು ಗ್ರಾಫ್ ಅಕ್ಕಪಕ್ಕ ಇದ್ದಾಗ ಒಂದೊಂದನ್ನೂ ಬೇರೆಬೇರೆ ವರ್ಣಿಸುವುದಲ್ಲ, ಅವೆರಡರ ನಡುವಿನ ವ್ಯತ್ಯಾಸವನ್ನೇ ಹೇಳಬೇಕು ಎಂಬುದಕ್ಕೂ ಇದು ಒಳ್ಳೆಯ ಉದಾಹರಣೆ.

ಕೀಲಿಂಗ್ ಸ್ವತಃ ಹೇಗೆ ಬರೆದರು ಎಂದು ನೋಡುವುದು ಉಪಯುಕ್ತ. 1960ರಲ್ಲಿ ‘ಟೆಲಸ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನದ ಸಾರಾಂಶ ಬಹಳ ಚಿಕ್ಕದು. ಉತ್ತರಾರ್ಧ ಗೋಳದಲ್ಲಿ ಋತು ಮತ್ತು ಅಕ್ಷಾಂಶಕ್ಕೆ ತಕ್ಕಂತೆ ಕ್ರಮಬದ್ಧ ಏರಿಳಿತ ಕಂಡಿದೆ. ಅಂಟಾರ್ಕ್ಟಿಕಾದಲ್ಲಿ ಮಾತ್ರ ಸಣ್ಣದಾದರೂ ಬಿಡದೆ ಮುಂದುವರಿದ ಏರಿಕೆ ಕಂಡಿದೆ. ಇವುಗಳ ಸಂಭಾವ್ಯ ಕಾರಣಗಳನ್ನು ಚರ್ಚಿಸಲಾಗಿದೆ ಎಂಬುದು ಅದರ ತಿರುಳು. ಮೊದಲೆರಡು ಮಾತು ವಿನ್ಯಾಸದ್ದು, ಕಾರಣ ಮೂರನೆಯದರಲ್ಲಿ, ಅದೂ “ಸಂಭಾವ್ಯ” ಎಂಬ ಎಚ್ಚರದೊಂದಿಗೆ. ಎರಡೇ ವರ್ಷದ ಆಸುಪಾಸಿನ ಅಂಕಿಗಳು ಕೈಯಲ್ಲಿದ್ದ ಯುವ ವಿಜ್ಞಾನಿಯ ಬರಹ ಅದು. ಅಷ್ಟು ಅಂಕಿಗಳು ಎಷ್ಟು ಹೇಳಬಲ್ಲವೋ ಅಷ್ಟನ್ನೇ ಹೇಳಿದ್ದಾರೆ.

ಮೌನಾ ಲೋವಾದಲ್ಲಿ ಚಿತ್ರವಂತೂ ಸರಿಯಾಗಿತ್ತು. ಚಿತ್ರವೇ ಅಪೂರ್ಣವಾಗಿದ್ದಾಗ ಅದನ್ನು ಓದುವ ವಾಕ್ಯ ಏನು ಮಾಡಬೇಕೆಂಬುದಕ್ಕೆ ಇನ್ನೊಂದು ಪ್ರಸಂಗ ನೋಡಬೇಕು. ಅದು 1986ರ ಜನವರಿ 28ರಂದು ಹಾರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಜನರನ್ನು ಬಲಿತೆಗೆದುಕೊಂಡ ಚಾಲೆಂಜರ್ ಬಾಹ್ಯಾಕಾಶ ನೌಕೆಯದು. ಬೂಸ್ಟರ್ ರಾಕೆಟ್ಟಿನ ಕೀಲುಗಳಲ್ಲಿ ಬಿಸಿ ಅನಿಲ ಸೋರದಂತೆ ತಡೆಯುವ ರಬ್ಬರಿನ ಓ-ರಿಂಗ್‌ಗಳು ಕೆಲಸ ಮಾಡಲಿಲ್ಲ. ಹಾರಾಟದ ಹಿಂದಿನ ರಾತ್ರಿ ಬೂಸ್ಟರ್ ತಯಾರಿಸಿದ ಮಾರ್ಟನ್ ಥಿಯೋಕಾಲ್ ಕಂಪನಿಯ ಇಂಜಿನಿಯರುಗಳು ಚಳಿ ಅಪಾಯಕಾರಿ ಎಂದು ದೂರವಾಣಿ ಸಭೆಯಲ್ಲಿ ವಾದಿಸಿದ್ದರು. ಅದುವರೆಗಿನ ಹಾರಾಟಗಳಲ್ಲಿ ಕೀಲಿನ ಅತಿ ಕಡಿಮೆ ತಾಪಮಾನ 53 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 12 ಸೆಲ್ಸಿಯಸ್. ಅದಕ್ಕಿಂತ ಚಳಿ ಇದ್ದರೆ ಹಾರಿಸಬೇಡಿ ಎಂಬುದು ಅವರ ಮೊದಲ ಸಲಹೆ. ಆದರೆ 53ರಲ್ಲಿ ಹಾರಿದಾಗಲೂ ಅನಿಲ ಸೋರಿತ್ತು, 75ರಲ್ಲಿ ಹಾರಿದಾಗಲೂ ಸೋರಿತ್ತು. ಹಾಗಾದರೆ ತಾಪಮಾನಕ್ಕೂ ಸೋರಿಕೆಗೂ ಸಂಬಂಧ ಎಲ್ಲಿದೆ? ಈ ಪ್ರಶ್ನೆಯೆದುರು ಅವರ ವಾದ ನಿಲ್ಲಲಿಲ್ಲ. ಕಂಪನಿಯ ಆಡಳಿತ ಸಲಹೆಯನ್ನು ಹಿಂತೆಗೆದುಕೊಂಡಿತು.

ದುರಂತದ ತನಿಖೆಗೆ ನೇಮಕವಾದ ರಾಜರ್ಸ್ ಆಯೋಗ ತನ್ನ ವರದಿಯಲ್ಲಿ ಎರಡು ಗ್ರಾಫ್‌ಗಳನ್ನು ಮುದ್ರಿಸಿದೆ. ಎರಡರ ಅಕ್ಷಗಳೂ ಒಂದೇ: ಒಂದರಲ್ಲಿ ತಾಪಮಾನ, ಇನ್ನೊಂದರಲ್ಲಿ ಓ-ರಿಂಗ್‌ಗೆ ಹಾನಿಯಾದ ಪ್ರಸಂಗಗಳ ಸಂಖ್ಯೆ. ಮೊದಲನೆಯದರಲ್ಲಿ ಹಾನಿಯಾದ ಏಳು ಹಾರಾಟಗಳು ಮಾತ್ರ ಇವೆ. ಚುಕ್ಕಿಗಳು 53ರಿಂದ 75ರವರೆಗೆ ಚದುರಿಕೊಂಡಿವೆ; ಯಾವ ವಿನ್ಯಾಸವೂ ಕಾಣುವುದಿಲ್ಲ. ಎರಡನೆಯದರಲ್ಲಿ ಏನೂ ಆಗದ ಹಾರಾಟಗಳೂ ಸೇರಿವೆ. ಅವೆಲ್ಲ ಸೊನ್ನೆಯ ಗೆರೆಯ ಮೇಲೆ ಕೂತಿವೆ, ಒಂದೂ ಬಿಡದೆ ಬಿಸಿಯ ಬದಿಯಲ್ಲಿ.

ಈ ಎರಡು ಚಿತ್ರಗಳಿಗೆ ಅಕ್ಷ ವರ್ಣಿಸುವ ಪ್ಯಾರಾ ಬರೆದರೆ ಅದು ಎರಡಕ್ಕೂ ಒಂದೇ ಆಗಿರುತ್ತದೆ. ಆಯೋಗ ಬರೆದದ್ದು ಬೇರೆ. 66 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ತಾಪಮಾನದ ಇಪ್ಪತ್ತು ಹಾರಾಟಗಳಲ್ಲಿ ಮೂರರಲ್ಲಿ ಮಾತ್ರ ಓ-ರಿಂಗ್‌ಗೆ ಹಾನಿಯಾಗಿತ್ತು; 63 ಅಥವಾ ಅದಕ್ಕಿಂತ ಕಡಿಮೆಯ ನಾಲ್ಕು ಹಾರಾಟಗಳಲ್ಲಿ ನಾಲ್ಕರಲ್ಲೂ ಆಗಿತ್ತು ಎಂಬುದು ಅದರ ಸಾರ. ಇಪ್ಪತ್ತರಲ್ಲಿ ಮೂರು, ನಾಲ್ಕರಲ್ಲಿ ನಾಲ್ಕು. ಚಿತ್ರ ನೋಡದವರಿಗೂ ಇಷ್ಟು ಸಾಕು. 75 ಡಿಗ್ರಿಯಲ್ಲಿ ಸೋರಿದ ಆ ಒಂದು ಹಾರಾಟವನ್ನು ವಾಕ್ಯ ಮುಚ್ಚಿಟ್ಟಿಲ್ಲ, ಅದನ್ನು ಇಪ್ಪತ್ತರ ನಡುವೆ ಅದರ ಜಾಗದಲ್ಲಿ ಇಟ್ಟಿದೆ. ಹಿಂದಿನ ರಾತ್ರಿ ವಾದವನ್ನು ಕೆಡವಿದ ಸಂಗತಿ ಇಲ್ಲಿ ಒಂದು ಅಪವಾದವಾಗಿ ಕಾಣುತ್ತದೆ.

ವಾಕ್ಯ ಎಲ್ಲಿ ನಿಲ್ಲಬೇಕು ಎಂಬುದಕ್ಕೂ ಇಲ್ಲಿ ಪಾಠವಿದೆ. ಹಾರಾಟದ ದಿನ ಬೆಳಿಗ್ಗೆ ನೆಲದ ಬಳಿಯ ಗಾಳಿಯ ತಾಪಮಾನ 36 ಡಿಗ್ರಿ ಫ್ಯಾರನ್‌ಹೀಟ್. ಗ್ರಾಫಿನಲ್ಲಿ 53ರ ಕೆಳಗೆ ಒಂದು ಚುಕ್ಕಿಯೂ ಇಲ್ಲ. ಆದ್ದರಿಂದ 36ರಲ್ಲಿ ಏನಾಗುತ್ತದೆ ಎಂದು ಆ ಚಿತ್ರ ನೇರವಾಗಿ ಹೇಳಲಾರದು. ಚಳಿಯ ಕಡೆಗೆ ಹೋದಂತೆ ಹಾನಿ ಹೆಚ್ಚಿದೆ, ಮುಂದಿನ ಪ್ರದೇಶವನ್ನು ಯಾರೂ ಪರೀಕ್ಷಿಸಿಲ್ಲ ಎಂಬಷ್ಟನ್ನು ಪ್ರಾಮಾಣಿಕವಾಗಿ ಬರೆಯಬಹುದು. ಚಿತ್ರದಲ್ಲಿ ಅಂಕಿ ಮುಗಿಯುವ ಜಾಗವನ್ನು ಹೆಸರಿಟ್ಟು ಹೇಳುವುದು ಆ ಪ್ಯಾರಾದ ಅತಿ ಮುಖ್ಯ ವಾಕ್ಯವಾಗಿಬಿಡುವ ಸಂದರ್ಭಗಳೂ ಇರುತ್ತವೆ; ಇದು ಅಂಥದ್ದು.

ಓ-ರಿಂಗ್‌ಗಳ ಹಾರಾಟ ಚರಿತ್ರೆಯನ್ನು ಎಚ್ಚರದಿಂದ ವಿಶ್ಲೇಷಿಸಿದ್ದರೆ ಹಾನಿಗೂ ಕಡಿಮೆ ತಾಪಮಾನಕ್ಕೂ ಇರುವ ಸಂಬಂಧ ಗೊತ್ತಾಗುತ್ತಿತ್ತು, ಆದರೆ ನಾಸಾ ಆಗಲಿ ಥಿಯೋಕಾಲ್ ಆಗಲಿ ಅಂಥ ವಿಶ್ಲೇಷಣೆ ಮಾಡಿರಲಿಲ್ಲ ಎಂದು ಆಯೋಗ 1986ರ ಜೂನ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ದಾಖಲಿಸಿದೆ.